ಬಸ್ ಬಂದಳು, ಬಸ್ ಆಯಾ

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ, ಹೊಸ ಭಾಷೆ ಕಲಿಯುತ್ತಿರುವ ಕೆಲವರು ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹಿಂದಿ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊನ್ನೆ ನನ್ನ ಹಿಂದಿ ಗೆಳೆಯರೊಬ್ಬರಿಗೆ ಒಂದು ಮೆಸೇಜ್ ಹಾಕಿದೆ. 'ಇತ್ವಾರ್ ಕೋ ಮೇರಾ ಉಪನ್ಯಾಸ್ ಹೈ.' ಭಾನುವಾರ ನನ್ನ ಉಪನ್ಯಾಸ ಇದೆ ಅಂತ ಹೇಳೋಣ ಅಂದುಕೊಂಡಿದ್ದೆ. ಎರಡು ನಿಮಿಷ ಬಿಟ್ಟು ಅವರಿಂದ ಬಂದದ್ದು ಬರೀ ಒಂದು ಪ್ರಶ್ನೆ ಗುರುತು. ಏನಪ್ಪಾ ತಪ್ಪಾಯಿತು ಅಂತ ಡಿಕ್ಷನರಿ ತೆಗೆದು ನೋಡಿದೆ. ಹಿಂದಿಯಲ್ಲಿ ಉಪನ್ಯಾಸ್ ಅಂದರೆ ಕಾದಂಬರಿ. ಭಾನುವಾರ ನನ್ನ ಕಾದಂಬರಿ ಇದೆ ಅಂತ ಹೇಳಿದ ಹಾಗಾಗಿತ್ತು!

ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಅವರು ಪದವನ್ನು ಬದಲಾಯಿಸಿ ಕೊಡಲೂ ಇಲ್ಲ. ಗುರುತು ಹಾಕಿ ಸುಮ್ಮನಾದರು. ಈ ಒಂದು ಗುರುತಿಗೆ ಬಂದು ಮುಟ್ಟಲು ನಮಗಿಬ್ಬರಿಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಇವತ್ತು ನಾನು ಹೇಳೋದು ಅದರ ಕಥೆ.

ನಾನು ಯಾರು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಾನು ಇಲ್ಲೇ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಸೀಸನ್‌ನಲ್ಲಿ ಹಿಂದಿ ಮಾತಾಡುವ ಲಾರಿ ಡ್ರೈವರ್‌ಗಳು ಬರ್ತಾರೆ, ಹೊರ ರಾಜ್ಯದ ಖರೀದಿದಾರರು ಫೋನ್ ಮಾಡ್ತಾರೆ. ಶಾಲೆಯಲ್ಲಿ ಹಿಂದಿ ಓದಿದ್ದೆ, ಪಾಸೂ ಆಗಿದ್ದೆ. ಆದರೆ ಫೋನ್ ಎತ್ತಿದರೆ ನಾಲಿಗೆ ಒಣಗುತ್ತಿತ್ತು. ಚಿತ್ರದುರ್ಗದ ಒಂದು ಬ್ಯಾಂಕಿಗೆ ಜಬಲ್ಪುರದ ಕಡೆಯ ಆಫೀಸರ್ ಒಬ್ಬರು ವರ್ಗವಾಗಿ ಬಂದಿದ್ದರು. ಅವರಿಗೆ ಕನ್ನಡ ಬೇಕಿತ್ತು, ನನಗೆ ಹಿಂದಿ. ಪರಿಚಯದವರೊಬ್ಬರು ಗಂಟು ಹಾಕಿದರು. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಚಾಟ್. ಮೊದಲ ಕಾಲು ಗಂಟೆ ನಾನು ಹಿಂದಿಯಲ್ಲಿ ಬರೆಯಬೇಕು, ಅವರು ತಿದ್ದಬೇಕು. ಆಮೇಲಿನ ಕಾಲು ಗಂಟೆ ಅವರು ಕನ್ನಡದಲ್ಲಿ, ನಾನು ಮೇಷ್ಟ್ರು.

ಮೊದಲ ವಾರದ ಒಂದು ಮೆಸೇಜ್ ಇನ್ನೂ ಫೋನಿನಲ್ಲಿದೆ. ನಾನು ಬರೆದದ್ದು ಇದು:

'ಕಲ್ ರಾತ್ ಟ್ರಕ್ ಆಯಾ. ಮೈಂ ಬೋರೀ ಗಿನಾ. ದೋ ಬೋರೀ ಕಮ್ ಥಾ. ಡ್ರೈವರ್ ಕೋ ಪೂಛಾ. ವೋ ಬೋಲಾ, ಪಹಲೇ ಭಾಡಾ ದೋ.'

ನಿನ್ನೆ ರಾತ್ರಿ ಟ್ರಕ್ ಬಂತು, ಚೀಲ ಎಣಿಸಿದೆ, ಎರಡು ಚೀಲ ಕಮ್ಮಿ ಇತ್ತು, ಡ್ರೈವರ್‌ನ ಕೇಳಿದೆ, ಮೊದಲು ಬಾಡಿಗೆ ಕೊಡು ಅಂದ. ಇಷ್ಟೇ ವಿಷಯ. ಅವರು ತಿದ್ದಿ ಕಳಿಸಿದ್ದು ಹೀಗಿತ್ತು:

'ಕಲ್ ರಾತ್ ಗಾಡೀ ಆಯೀ. ಮೈಂನೇ ಬೋರಿಯಾಂ ಗಿನೀಂ. ದೋ ಬೋರಿಯಾಂ ಕಮ್ ನಿಕಲೀಂ. ಡ್ರೈವರ್ ಸೇ ಪೂಛಾ ತೋ ಉಸ್‌ನೇ ಕಹಾ ಕಿ ಪಹಲೇ ಕಿರಾಯಾ ದೋ.'

ಓದೋಕೆ ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು. ಪೂರ್ತಿ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಧನ್ಯವಾದ್ ಹೇಳಿದೆ, ಮಲಗಿದೆ. ಮುಂದಿನ ವಾರ 'ಟ್ರಕ್ ಆಯೀ' ಅಂತ ಬರೆದೆ. ಅವರು ಅದನ್ನು 'ಟ್ರಕ್ ಆಯಾ' ಮಾಡಿದರು. ನನಗೆ ತಲೆ ಕೆಟ್ಟಿತು. ಹೋದ ವಾರ ನೀವೇ ತಾನೇ ಆಯಾ ತೆಗೆದು ಆಯೀ ಮಾಡಿದ್ದು?

ಆಗಿದ್ದು ಏನು ಅಂದರೆ, ನನ್ನ 'ಟ್ರಕ್ ಆಯಾ' ಮೊದಲಿಗೇ ಸರಿಯಾಗಿತ್ತು. ಹಿಂದಿಯಲ್ಲಿ ಟ್ರಕ್ ಪುಲ್ಲಿಂಗ. ಅವರು ಟ್ರಕ್ ಅನ್ನೋ ಪದಕ್ಕಿಂತ ಗಾಡೀ ಅನ್ನೋದು ಸಲೀಸು ಅಂತ ಬದಲಾಯಿಸಿದರು. ಗಾಡೀ ಸ್ತ್ರೀಲಿಂಗ. ಪದ ಬದಲಾದ ಮೇಲೆ ಕ್ರಿಯಾಪದವೂ ಬದಲಾಗಲೇಬೇಕು, ಹಾಗಾಗಿ ಆಯಾ ಹೋಗಿ ಆಯೀ ಬಂತು. ನನ್ನ ಕಣ್ಣಿಗೆ ಎರಡು ಜಾಗದಲ್ಲಿ ತಿದ್ದುಪಡಿ ಕಂಡಿತು, ಎರಡೂ ನನ್ನ ತಪ್ಪು ಅಂದುಕೊಂಡೆ. ನಿಜಕ್ಕೂ ಅಲ್ಲಿ ತಪ್ಪೇ ಇರಲಿಲ್ಲ.

ಅದೇ ಮೆಸೇಜಿನ ಕೊನೆಯಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇತ್ತು. ನಾನು 'ವೋ ಬೋಲಾ' ಅಂತ ಬರೆದಿದ್ದೆ. ಅದೂ ಸರಿಯೇ. ಹಿಂದಿಯಲ್ಲಿ ಆಗಿಹೋದ ಕೆಲಸ ಹೇಳುವಾಗ ಅದನ್ನು ಮಾಡಿದವರ ಹೆಸರಿಗೆ ಎಷ್ಟೋ ಕಡೆ 'ನೇ' ಅಂತ ಒಂದು ಬಾಲ ಹತ್ತುತ್ತೆ, ಆದರೆ ಬೋಲ್ನಾ ಅನ್ನೋ ಕ್ರಿಯಾಪದಕ್ಕೆ ಪುಸ್ತಕದ ಹಿಂದಿಯಲ್ಲಿ ಸಾಮಾನ್ಯವಾಗಿ ಅದು ಹತ್ತುವುದಿಲ್ಲ. ಅವರು ಬೋಲಾ ತೆಗೆದು ಕಹಾ ಹಾಕಿದರು. ಕಹ್ನಾಗೆ 'ನೇ' ಬೇಕೇ ಬೇಕು, ಅದಕ್ಕೇ 'ಉಸ್‌ನೇ ಕಹಾ'. ನಾನು ಅದನ್ನು ನೋಡಿ ಕಲಿತದ್ದು 'ಉಸ್‌ನೇ ಬೋಲಾ'. ಇದನ್ನು ಆಡುಮಾತಿನಲ್ಲಿ ಹಿಂದಿಯವರೂ ಎಷ್ಟೋ ಜನ ಹೇಳ್ತಾರೆ, ಆದರೆ ನನ್ನ ಮೇಷ್ಟ್ರು ಒಪ್ಪೋ ಪೈಕಿ ಅಲ್ಲ. ಮತ್ತೆ ತಿದ್ದಿದರು. ಮತ್ತೆ ಗೊಂದಲ.

ಆ ರಾತ್ರಿ ಅಂಗಡಿಯ ಹಳೇ ಖಾತೆ ಪುಸ್ತಕದ ಖಾಲಿ ಹಾಳೆ ತೆಗೆದು, ಬಂದ ತಿದ್ದುಪಡಿಗಳನ್ನು ಜಮಾ ಖರ್ಚಿನ ಹಾಗೆ ಎರಡು ಕಡೆ ಬರೆದೆ. ಎಡಕ್ಕೆ ನಿಜವಾದ ತಪ್ಪುಗಳು. ಮೈಂ ಇದ್ದದ್ದು ಮೈಂನೇ ಆಗಬೇಕಿತ್ತು. 'ಬೋರೀ ಗಿನಾ' ಇದ್ದದ್ದು 'ಬೋರಿಯಾಂ ಗಿನೀಂ'. 'ದೋ ಬೋರೀ ಕಮ್ ಥಾ' ಇದ್ದದ್ದು 'ದೋ ಬೋರಿಯಾಂ ಕಮ್ ಥೀಂ'. 'ಡ್ರೈವರ್ ಕೋ' ಇದ್ದದ್ದು 'ಡ್ರೈವರ್ ಸೇ', ಯಾಕಂದ್ರೆ ಹಿಂದಿಯಲ್ಲಿ ಒಬ್ಬರಿಂದ ಕೇಳ್ತಾರೆ, ಒಬ್ಬರನ್ನು ಕೇಳಲ್ಲ. ನಾಲ್ಕು. ಬಲಕ್ಕೆ ಅವರ ರುಚಿ. ಟ್ರಕ್ ಬದಲು ಗಾಡೀ, ಥೀಂ ಬದಲು ನಿಕಲೀಂ, ಬೋಲಾ ಬದಲು ಕಹಾ, ಭಾಡಾ ಬದಲು ಕಿರಾಯಾ. ಅದೂ ನಾಲ್ಕು. ಎರಡೂ ಕಡೆ ಸಮ ಬಂದದ್ದು ನೋಡಿ ನಗು ಬಂತು. ನಾನು ಎಂಟನ್ನೂ ಒಂದೇ ಖಾತೆಗೆ ಬರೆದುಕೊಂಡಿದ್ದೆ.

ಭಾಡಾ ವಿಷಯದಲ್ಲಂತೂ ನನಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಅಂಗಡಿ ಮುಂದೆ ನಿಲ್ಲೋ ಡ್ರೈವರ್‌ಗಳು ಹೇಳೋದೇ ಭಾಡಾ. ನಾನು ಕಲಿಯುತ್ತಿರೋದು ಅವರ ಹತ್ತಿರ ಮಾತಾಡೋಕೆ. ಬ್ಯಾಂಕಿನವರಿಗೆ ಕಿರಾಯಾ ಸರಿ ಅನ್ನಿಸಬಹುದು. ಪದ ಅನ್ನೋದು ಯಾರ ಜೊತೆ ಮಾತಾಡ್ತೀವಿ ಅನ್ನೋದರ ಮೇಲೆ ನಿಂತಿದೆ. 'ನೇ' ಹಾಗಲ್ಲ. ಬ್ಯಾಂಕಿನವರಿಗೂ ಡ್ರೈವರ್‌ಗೂ, ಅಲ್ಲಿನ ಹಿಂದಿ ಆಡುವ ಹೆಚ್ಚಿನವರಿಗೆಲ್ಲ ಅದು ಒಂದೇ. ನಾನು ದಿನಕ್ಕೆ ಹತ್ತು ಸಲ ನಿನ್ನೆ ಆದದ್ದನ್ನು ಹೇಳಬೇಕು, ಹತ್ತು ಸಲವೂ 'ನೇ' ಎದುರಾಗುತ್ತೆ. ಅದೊಂದು ಕೂತರೆ ಎಷ್ಟೋ ವಾಕ್ಯ ನೆಟ್ಟಗಾಗುತ್ತವೆ. ಭಾಡಾ ಬದಲು ಕಿರಾಯಾ ಕಲಿತರೆ ನೆಟ್ಟಗಾಗೋದು ಒಂದೇ ಪದ, ಅದೂ ಡೊಂಕಾಗಿರಲೇ ಇಲ್ಲ.

ಮಾರನೇ ದಿನ ಕೇಳಿಕೊಂಡೆ. 'ಸರ್, ಸಿರ್ಫ್ ವ್ಯಾಕರಣ್ ದೇಖಿಯೇ.' ವ್ಯಾಕರಣ ಮಾತ್ರ ನೋಡಿ ಸಾರ್. ಅವರು ಹೂಂ ಅಂದರು. ಮತ್ತೆ ಪೂರ್ತಿ ತಿದ್ದಿ ಕಳಿಸಿದರು!

ಇಲ್ಲಿ ಅವರ ತಪ್ಪಿಲ್ಲ. ಹುಟ್ಟಿದಾಗಿನಿಂದ ಆಡುವ ಭಾಷೆಯಲ್ಲಿ ವ್ಯಾಕರಣ ಎಲ್ಲಿ ಮುಗಿಯುತ್ತೆ, ಪದ ಎಲ್ಲಿ ಶುರುವಾಗುತ್ತೆ ಅಂತ ಯಾರಿಗೂ ಗೆರೆ ಕಾಣಲ್ಲ. ಕಿವಿಗೆ ಚುಚ್ಚಿದ್ದೆಲ್ಲ ಅವರ ಪಾಲಿಗೆ ವ್ಯಾಕರಣವೇ. ನನಗೆ ಇದು ಗೊತ್ತಾಗಿದ್ದು ನನ್ನ ಪಾಳಿ ಬಂದಾಗ.

ಅವರು ಕನ್ನಡದಲ್ಲಿ ಬರೆದಿದ್ದರು: 'ಇವತ್ತು ಬಸ್ ತಡವಾಗಿ ಬಂದಳು. ನಾನು ಟೀ ಬೇಕಿತ್ತು. ಅಂಗಡಿಯಲ್ಲಿ ಎರಡು ಮನುಷ್ಯರು ಇತ್ತು.'

ಬಸ್ ಬಂದಳು! ಮನೆಯವರಿಗೆ ಓದಿ ಹೇಳಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಹಿಂದಿಯಲ್ಲಿ ಬಸ್ ಸ್ತ್ರೀಲಿಂಗ, ಪಾಪ ಅವರು ಅದನ್ನೇ ಇಲ್ಲಿಗೂ ಹತ್ತಿಸಿಕೊಂಡು ಬಂದಿದ್ದರು. ನಗು ಮುಗಿದ ಮೇಲೆ ನನಗೆ ನನ್ನದೇ ಒಂದು ವಾಕ್ಯ ನೆನಪಾಯಿತು. ಎರಡು ದಿನದ ಹಿಂದೆ ನಾನು 'ಬಸ್ ಆಯಾ' ಅಂತ ಬರೆದಿದ್ದೆ. ಅವರು ಬಸ್ಸನ್ನು ಹೆಂಗಸು ಮಾಡಿದರೆ ನಾನು ಗಂಡಸು ಮಾಡಿದ್ದೆ. ನಮ್ಮಲ್ಲಿ ಲಿಂಗ ಅನ್ನೋದು ಅರ್ಥದ ಮೇಲೆ ಹೋಗುತ್ತೆ. ಮನುಷ್ಯರಾದರೆ ಬಂದ, ಬಂದಳು. ವಸ್ತುವಾದರೆ ಬಂತು, ಮುಗೀತು. ಹಿಂದಿಯಲ್ಲಿ ನಪುಂಸಕ ಲಿಂಗವೇ ಇಲ್ಲ. ರೋಟೀ ಹೆಣ್ಣು, ಚಾವಲ್ ಗಂಡು. ಚಾಯ್ ಹೆಣ್ಣು, ಪಾನೀ ಗಂಡು. ಕಾರಣ ಕೇಳಬಾರದು.

ಸರಿ, ತಿದ್ದೋಕೆ ಕೂತೆ. ಬಂದಳು ತೆಗೆದು ಬಂತು ಮಾಡಿದೆ. ನಾನು ತೆಗೆದು ನನಗೆ ಮಾಡಿದೆ. 'ಎರಡು ಮನುಷ್ಯರು ಇತ್ತು' ಅನ್ನೋದನ್ನ 'ಇಬ್ಬರು ಇದ್ದರು' ಮಾಡಿದೆ. ಅಷ್ಟರಲ್ಲಿ ಕೈ ತುರಿಸಿತು. ತಡವಾಗಿ ಅಂತ ಯಾರು ಹೇಳ್ತಾರೆ, ಲೇಟಾಗಿ ಅನ್ನಬೇಕು ಅಂತ ಅದನ್ನೂ ತಿದ್ದಿದೆ. ಕಳಿಸುವ ಬಟನ್ ಒತ್ತುವ ಮುಂಚೆ ನನಗೇ ನಾಚಿಕೆ ಆಯಿತು. ತಡವಾಗಿ ಅನ್ನೋದರಲ್ಲಿ ಏನು ತಪ್ಪಿದೆ? ಏನೂ ಇಲ್ಲ. ನಾನು ಹಾಗೆ ಹೇಳಲ್ಲ, ಅಷ್ಟೇ. ಅವರು ನನ್ನ ಟ್ರಕ್ಕಿಗೆ ಮಾಡಿದ್ದನ್ನೇ ನಾನು ಅವರ ತಡಕ್ಕೆ ಮಾಡಿದ್ದೆ.

ಅವತ್ತು ಇಬ್ಬರೂ ಫೋನಿನಲ್ಲೇ ಕೂತು ಒಂದು ಗೆರೆ ಎಳೆದೆವು. ಪದದ ಬುಡ ಹಾಗೇ ಉಳಿದು ಬಾಲ ಮಾತ್ರ ಬದಲಾದರೆ ಅದು ವ್ಯಾಕರಣ. ಬುಡವೇ ಬೇರೆ ಆದರೆ ಅದು ಪದದ ಆಯ್ಕೆ. ಗಿನಾ ಹೋಗಿ ಗಿನೀಂ ಆದರೆ ಬಾಲ. ಮೈಂ ಹೋಗಿ ಮೈಂನೇ ಆದರೆ ಬಾಲ. ಕೋ ಹೋಗಿ ಸೇ ಆದರೆ ಅದೂ ಬಾಲವೇ, ಡ್ರೈವರ್ ಹಾಗೇ ಇದ್ದಾನೆ. ಬೋಲಾ ಹೋಗಿ ಕಹಾ ಆದರೆ ಬುಡ. ಪದಗಳು ಜಾಗ ಬದಲಾಯಿಸಿದರೂ ವ್ಯಾಕರಣದ ಲೆಕ್ಕಕ್ಕೇ ಹಾಕಿದೆವು.

ಈ ಗೆರೆ ಎಲ್ಲ ಕಡೆ ಕೆಲಸ ಮಾಡಲ್ಲ. 'ಎರಡು ಮನುಷ್ಯರು' ಹೋಗಿ 'ಇಬ್ಬರು' ಆದದ್ದು ಏನು? ನೋಡೋಕೆ ಪದವೇ ಬದಲಾಗಿದೆ. ಆದರೆ ವಸ್ತುವಾದರೆ ಎರಡು, ಜನ ಆದರೆ ಇಬ್ಬರು ಅನ್ನೋದು ಕನ್ನಡದ ನಿಯಮ. ಮೂರು ಮೂವರು, ನಾಲ್ಕು ನಾಲ್ವರು ಅಂತ ಅದು ಮುಂದಕ್ಕೂ ಹೋಗುತ್ತೆ. ಹಾಗಾಗಿ ಅದನ್ನು ತಿದ್ದಬೇಕು ಅಂತ ನಿರ್ಧರಿಸಿದೆವು. ಇಂಥ ಕಡೆ ನಾವು ಕೇಳಿಕೊಳ್ಳೋ ಪ್ರಶ್ನೆ ಒಂದೇ. ಈ ತಿದ್ದುಪಡಿ ಬೇರೆ ವಾಕ್ಯಕ್ಕೂ ಕೆಲಸಕ್ಕೆ ಬರುತ್ತಾ? ಬಂದರೆ ತಿದ್ದು. ಇದೊಂದೇ ವಾಕ್ಯಕ್ಕೆ ಆದರೆ ಬಿಡು. 'ಊಟ ತಿಂದೆ' ಅಂತ ಅವರು ಬರೆದಾಗ ನಾನು ಬಿಟ್ಟೆ. ಕಿವಿಗೆ ಕಷ್ಟ, 'ಊಟ ಮಾಡಿದೆ' ಅನ್ನಬೇಕು. ಆದರೂ ಬಿಟ್ಟೆ. ಖಾನಾವಳಿಯಲ್ಲಿ ಎರಡು ದಿನ ಕೂತರೆ ಅದು ತಾನೇ ಬರುತ್ತೆ.

ಇನ್ನೊಂದು ಜರಡಿಯನ್ನು ಅವರೇ ಕೊಟ್ಟರು, ಗೊತ್ತಿಲ್ಲದೇ. ಯಾಕೆ ಬದಲಾಯಿಸಿದ್ರಿ ಅಂತ ನಾನು ಕೇಳಿದರೆ ಒಮ್ಮೊಮ್ಮೆ 'ಗಲತ್ ಹೈ' ಅನ್ನೋರು. ಒಮ್ಮೊಮ್ಮೆ 'ಗಲತ್ ನಹೀಂ ಹೈ, ಪರ್ ಹಮ್ ಐಸೇ ನಹೀಂ ಬೋಲ್ತೇ' ಅನ್ನೋರು. ತಪ್ಪಲ್ಲ, ಆದರೆ ನಾವು ಹೀಗೆ ಹೇಳಲ್ಲ. ಈ ಎರಡನೇ ಮಾತು ಬಂತು ಅಂದರೆ ಅದು ಬಹುತೇಕ ಪದದ ವಿಷಯ. ನಿಮ್ಮ ಜೊತೆಗಾರರ ಬಾಯಲ್ಲೂ ಈ ಮಾತು ಬರುತ್ತೆ, ಕಾದು ನೋಡಿ.

ಆಮೇಲೆ ನಾನು ಕೇಳಿಕೊಳ್ಳುವ ರೀತಿಯನ್ನೇ ಬದಲಾಯಿಸಿದೆ. ವ್ಯಾಕರಣ ಅನ್ನೋ ಪದವನ್ನೇ ಬಿಟ್ಟೆ. ಅದು ದೊಡ್ಡ ಪದ, ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ತಾರೆ. ಹೊಸ ಮೆಸೇಜ್ ಹೀಗಿತ್ತು: 'ಮೇರೇ ಶಬ್ದ್ ಮತ್ ಬದಲಿಯೇ. ನೇ, ಕೋ, ಸೇ ಔರ್ ಕ್ರಿಯಾ ಕಾ ರೂಪ್, ಬಸ್ ಇತ್ನಾ ದೇಖಿಯೇ. ಪೂರಾ ವಾಕ್ಯ ಮತ್ ಲಿಖಿಯೇ.' ನನ್ನ ಪದ ಬದಲಾಯಿಸಬೇಡಿ, ನೇ, ಕೋ, ಸೇ ಮತ್ತೆ ಕ್ರಿಯಾಪದದ ರೂಪ ಇಷ್ಟು ನೋಡಿ, ಪೂರ್ತಿ ವಾಕ್ಯ ಬರೆಯಬೇಡಿ. ಏನು ಮಾಡಬಾರದು ಅನ್ನೋದು ಇದರಲ್ಲಿ ಮೊದಲೇ ಬರುತ್ತೆ. ಏನು ನೋಡಬೇಕು ಅನ್ನೋದು ಬೆರಳಲ್ಲಿ ಎಣಿಸೋ ಹಾಗಿದೆ.

ಕೊನೆಯ ಮಾತು, ಪೂರ್ತಿ ವಾಕ್ಯ ಬರೆಯಬೇಡಿ ಅನ್ನೋದು, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಪೂರ್ತಿ ವಾಕ್ಯವನ್ನು ಮತ್ತೆ ಬರೆಯೋಕೆ ಕೂತರೆ ಯಾರಿಗಾದರೂ ಕೈ ತುರಿಸುತ್ತೆ. ತುಂಡು ಮಾತ್ರ ಬರೆದರೆ ಆ ಆಸೆ ಬರಲ್ಲ. ನನ್ನ ಮೆಸೇಜಿಗೆ ಉತ್ತರ ಕೊಡುವ ಜಾಗದಲ್ಲಿ ಅವರು ಈಗ ಇಷ್ಟೇ ಬರೆಯೋದು:

```
*ಮೈಂನೇ
*ಬೋರಿಯಾಂ ಗಿನೀಂ
*ಥೀಂ
*ಸೇ
```

ನಾಲ್ಕು ಸಾಲು, ಒಂದೊಂದು ತಿದ್ದುಪಡಿಯ ಮುಂದೆ ಒಂದೊಂದು ನಕ್ಷತ್ರ. ಪೂರ್ತಿ ವಾಕ್ಯವನ್ನು ನಾನು ಬರೆದು ವಾಪಸ್ ಕಳಿಸಬೇಕು. ಮೊದಲೆಲ್ಲ ಕಳಿಸಿದ ಮೆಸೇಜನ್ನೇ ಎಡಿಟ್ ಮಾಡಿಬಿಡುತ್ತಿದ್ದೆ. ಆಮೇಲೆ ನೋಡಿದರೆ ತಪ್ಪಿನ ಗುರುತೇ ಇಲ್ಲ, ಹುಟ್ಟುತ್ತಲೇ ಪಂಡಿತ ಅನ್ನೋ ಹಾಗೆ. ಈಗ ತಪ್ಪು ವಾಕ್ಯ ಹಾಗೇ ಇರುತ್ತೆ, ಕೆಳಗೆ ಹೊಸದು ಬರುತ್ತೆ. ಒಂದು ಸಲಕ್ಕೆ ಐದಾರು ವಾಕ್ಯ, ಅದಕ್ಕಿಂತ ಹೆಚ್ಚಾದರೆ ಅವರಿಗೂ ಸುಸ್ತು.

ಹೀಗೆ ತುಂಡುಗಳು ಬರಲು ಶುರುವಾದ ಮೇಲೆ ನನ್ನ ತಪ್ಪಿನ ಜಾತಕ ಕಾಣಿಸಿತು. ಖಾತೆ ಪುಸ್ತಕದಲ್ಲಿ ಕಾಲಂ ಹಾಕಿದೆ: ನೇ, ಲಿಂಗ, ವಚನ, ಕೋ-ಸೇ. ಮೊದಲು ತುಂಬಿದ್ದು 'ನೇ' ಕಾಲಂ. ಅದಕ್ಕೆ ಕಾರಣ ಇದೆ. ಕನ್ನಡದಲ್ಲಿ ನಾನು ರೊಟ್ಟಿ ತಿಂದೆ ಅಂದರೆ ತಿಂದೆ ಅನ್ನೋದು ನನ್ನ ಹಿಂದೆ ಬರುತ್ತೆ. ಹಿಂದಿಯಲ್ಲಿ ಆಗಿಹೋದ ಕೆಲಸ ಹೇಳುವಾಗ ಕ್ರಿಯಾಪದ ನನ್ನನ್ನು ಬಿಟ್ಟು ರೊಟ್ಟಿಯ ಹಿಂದೆ ಹೋಗುತ್ತೆ. ಮೈಂನೇ ರೋಟೀ ಖಾಯೀ. ನಾನು ಗಂಡಸು, ಆದರೂ ಖಾಯೀ, ಯಾಕಂದ್ರೆ ರೊಟ್ಟಿ ಹೆಣ್ಣು. ಇದು ನಮ್ಮ ತಲೆಗೆ ಸುಲಭಕ್ಕೆ ಇಳಿಯಲ್ಲ.

ಒಂದೂವರೆ ತಿಂಗಳಿಗೆ ಆ ಕಾಲಂ ಇಳಿಯಿತು. ಆಮೇಲೆ ಮತ್ತೆ ಏರಿತು! ಈ ಸಲ ತಪ್ಪು ಬೇರೆ ಥರದ್ದು. 'ಮೈಂನೇ ಬಾಜಾರ್ ಗಯಾ', 'ಮೈಂನೇ ಸಾಮಾನ್ ಲಾಯಾ' ಅಂತ ಎಲ್ಲದಕ್ಕೂ ನೇ ಹಚ್ಚುತ್ತಿದ್ದೆ. ಜಾನಾಗೆ ನೇ ಇಲ್ಲ, ಅದಕ್ಕೆ ಕರ್ಮವೇ ಇಲ್ಲ. ಲಾನಾಗೆ ಕರ್ಮ ಇದ್ದರೂ ನೇ ಇಲ್ಲ, ಅದೊಂದು ವಿನಾಯಿತಿ. ಅವರಿಂದ ಬಂದ ತುಂಡು ಬರೀ `*ಮೈಂ` ಅಂತಿತ್ತು. ಹಿಂದಿನ ತಿಂಗಳು `*ಮೈಂನೇ`, ಈ ತಿಂಗಳು `*ಮೈಂ`. ಪೂರ್ತಿ ವಾಕ್ಯ ತಿದ್ದಿ ಕಳಿಸುತ್ತಿದ್ದ ಕಾಲದಲ್ಲಾಗಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಲಿಂಗದ ಕಾಲಂ ಮಾತ್ರ ಇಳಿಯಲೇ ಇಲ್ಲ, ಇವತ್ತಿಗೂ ಇಳಿದಿಲ್ಲ. ಅದು ನಿಯಮ ಅಲ್ಲ, ಒಂದೊಂದು ಪದದ ಜೊತೆ ಒಂದೊಂದು ಗಂಟು. `*ಆಯೀ` ಅಂತ ತುಂಡು ಬಂದರೆ ಅದನ್ನೊಂದೇ ಬರೆದುಕೊಂಡರೆ ಪ್ರಯೋಜನ ಇಲ್ಲ. 'ಬಸ್ ಆಯೀ' ಅಂತ ಜೋಡಿಯಾಗಿ ಬರೆದುಕೊಳ್ಳಬೇಕು. ಮೆಕ್ಕೆಜೋಳಕ್ಕಂತೂ ಹಿಂದಿಯಲ್ಲಿ ಮಕ್ಕಾ ಅಂತಲೂ ಇದೆ, ಮಕಯೀ ಅಂತಲೂ ಇದೆ. ಮಕ್ಕಾ ಆಯಾ, ಮಕಯೀ ಆಯೀ. ಒಂದೇ ಕಾಳು! ನನ್ನ ಪದ ಬದಲಾಯಿಸಬೇಡಿ ಅಂತ ನಾನು ಹಠ ಹಿಡಿದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಇಲ್ಲಿ ಒಂದು ತಕರಾರು ಬರುತ್ತೆ, ನಮ್ಮ ಅಂಗಡಿಯ ಗೆಳೆಯನೇ ಎತ್ತಿದ್ದು. ಅವನ ಮನೆಮಾತು ದಖ್ಖನಿ ಉರ್ದು. ನನ್ನ ನೋಟ್‌ಬುಕ್ ನೋಡಿ, 'ಏನ್ ನೇ ನೇ ಅಂತ ಬರೆದೀಯೋ, ನಾವು ಮೈಂ ರೋಟೀ ಖಾಯಾ ಅಂತೀವಿ, ನಾವೇನು ತಪ್ಪಾ?' ಅಂದ. ತಪ್ಪಲ್ಲ. ಅವರ ನುಡಿಗೆ ಅದೇ ನಿಯಮ. ವ್ಯಾಕರಣವೂ ಊರಿಂದ ಊರಿಗೆ ಬೇರೆ ಆಗುತ್ತೆ. ನಾವೂ ಇಲ್ಲಿ 'ಅವರಿಗೆ ಕೇಳು' ಅಂತೀವಿ, ಪುಸ್ತಕದಲ್ಲಿ 'ಅವರನ್ನು ಕೇಳು' ಅಂತಿರುತ್ತೆ. ನನ್ನ ಜಬಲ್ಪುರದವರು 'ಅವರಿಗೆ ಕೇಳಿದೆ' ಅಂತ ಬರೆದಾಗ ನಾನು ತಿದ್ದಲಿಲ್ಲ, ಅವರು ಮಾತಾಡೋದು ನಮ್ಮ ಜನದ ಜೊತೆ. ಯಾವ ಊರಿನ ಭಾಷೆ ಬೇಕು ಅಂತ ಮೊದಲೇ ಹೇಳಿಕೊಳ್ಳದಿದ್ದರೆ ಬರೀ ವ್ಯಾಕರಣ ತಿದ್ದಿ ಅಂದರೂ ಜಗಳ ತಪ್ಪಲ್ಲ.

ಈಗ ಪ್ರಶ್ನೆ ಗುರುತಿನ ವಿಷಯಕ್ಕೆ ಬರ್ತೀನಿ.

ನಮ್ಮ ಒಪ್ಪಂದ ಚೆನ್ನಾಗಿ ನಡೆಯುತ್ತಿತ್ತು. ಅವರು ಒಂದು ರಾತ್ರಿ ಬರೆದರು: 'ಮೆಕ್ಕೆಜೋಳದ ರೇಟಿನ ಬಗ್ಗೆ ನಿಮ್ಮ ಅನುಮಾನ ಏನು?' ಬುಡ ಸರಿ, ಬಾಲ ಸರಿ. ನಾನು, ರೇಟು ಬೀಳುತ್ತೇನೋ ಅನ್ನೋ ಅನುಮಾನದ ಬಗ್ಗೆ ಕೇಳ್ತಿದ್ದಾರೆ ಅಂದುಕೊಂಡು ಉತ್ತರ ಕೊಟ್ಟೆ. ನಕ್ಷತ್ರ ಹಾಕೋಕೆ ಏನೂ ಇರಲಿಲ್ಲ. ಹಿಂದಿಯಲ್ಲಿ ಅನುಮಾನ್ ಅಂದರೆ ಅಂದಾಜು. ಅವರು ಕೇಳಿದ್ದು ರೇಟಿನ ಅಂದಾಜು.

ವಾರ ಕಳೆದ ಮೇಲೆ ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ಸಾಲಕ್ಕೆ ಅಂತ ಇವರ ಮುಂದೆ ಕೂತಿದ್ದರು. ವಯಸ್ಸಾದವರು, ಪೇಟ ಸುತ್ತಿದ್ದರಂತೆ. ಇವರು ಬಹಳ ಗೌರವದಿಂದ, ಬಹಳ ಶುದ್ಧವಾದ ಕನ್ನಡದಲ್ಲಿ, 'ಯಜಮಾನ್ರೇ, ನಿಮ್ಮ ಬೆಳೆಯ ಮೇಲೆ ಒಂದು ಅನುಮಾನ ಇರಬೇಕು, ಆಮೇಲೆ ಸಾಲ' ಅಂದರಂತೆ. ಬೆಳೆ ಎಷ್ಟು ಬರುತ್ತೆ ಅಂತ ಅಂದಾಜು ಬೇಕು ಅನ್ನೋದು ಅವರ ಮನಸ್ಸಿನಲ್ಲಿದ್ದದ್ದು. ಆ ಯಜಮಾನರು ಕಾಗದ ಪತ್ರ ಎಲ್ಲ ಎತ್ತಿಕೊಂಡು, 'ಅನುಮಾನ ಇದ್ರೆ ಸಾಲ ಕೊಡಬ್ಯಾಡ್ರಿ ಸ್ವಾಮಿ, ನಲವತ್ತು ವರ್ಷದಿಂದ ಇಲ್ಲೇ ವ್ಯವಹಾರ ಮಾಡೇನಿ' ಅಂತ ಎದ್ದೇ ಬಿಟ್ಟರಂತೆ. ಪಕ್ಕದ ಸಿಬ್ಬಂದಿ ಓಡಿ ಬಂದು ಕೂರಿಸಿದರು.

ಆ ರಾತ್ರಿ ಅವರು ನನಗೆ ಫೋನೇ ಮಾಡಿದರು. ಸಿಟ್ಟಿರಲಿಲ್ಲ, ನೋವಿತ್ತು. 'ಭಾಯೀ ಸಾಹಬ್, ನಾನು ಅದೇ ಪದ ನಿಮಗೆ ಬರೆದಿದ್ದೆ, ನೀವು ಹೇಳಲಿಲ್ಲ' ಅಂದರು. ನಾನೇನು ಹೇಳಲಿ? ಪದ ತಿದ್ದಬಾರದು ಅಂತ ಒಪ್ಪಂದ. ಜೊತೆಗೆ ಅವತ್ತು ನನಗೇ ಅದು ಬೇರೆ ಅರ್ಥದಲ್ಲಿ ಸರಿಯಾಗೇ ಕೂತಿತ್ತು.

ಕನ್ನಡ ಹಿಂದಿ ನಡುವೆ ಇಂಥ ಪದಗಳು ತುಂಬಾ ಇವೆ, ಎರಡೂ ಸಂಸ್ಕೃತದಿಂದ ಸಾಲ ಪಡೆದು ಬೇರೆ ಬೇರೆ ಕಡೆ ಖರ್ಚು ಮಾಡಿವೆ. ಹಿಂದಿಯ ಶಿಕ್ಷಾ ಅಂದರೆ ವಿದ್ಯೆ, ನಮ್ಮಲ್ಲಿ ಶಿಕ್ಷೆ ಅಂದರೆ ದಂಡನೆ. ಅಲ್ಲಿ ಅವಸರ್ ಅಂದರೆ ಅವಕಾಶ, ಇಲ್ಲಿ ಅವಸರ ಅಂದರೆ ಗಡಿಬಿಡಿ. ಅಲ್ಲಿ ಚೇಷ್ಟಾ ಅಂದರೆ ಪ್ರಯತ್ನ, ಇಲ್ಲಿ ಕೀಟಲೆ. ಹೊಸ ಪದವಾದರೆ ನಾವು ಹುಷಾರಾಗಿರ್ತೀವಿ. ಪರಿಚಯದ ಮುಖ ಇದ್ದರೆ ಡಿಕ್ಷನರಿ ತೆಗೆಯಲ್ಲ. ವ್ಯಾಕರಣ ಮಾತ್ರ ತಿದ್ದುವ ಜೊತೆಗಾರರ ಜರಡಿಯಿಂದ ಇವು ಸಲೀಸಾಗಿ ಜಾರಿಬಿಡುತ್ತವೆ.

ಹಾಗಾಗಿ ಒಪ್ಪಂದಕ್ಕೆ ಒಂದು ಸಾಲು ಸೇರಿಸಿದೆವು. ಅರ್ಥವೇ ಬೇರೆ ಆಗುತ್ತೆ ಅನ್ನಿಸಿದರೆ, ಇಲ್ಲಾ ಕೇಳಿದವರಿಗೆ ಬೇಜಾರಾಗುತ್ತೆ ಅನ್ನಿಸಿದರೆ, ಪ್ರಶ್ನೆ ಗುರುತು ಹಾಕಬೇಕು. ಬೇರೆ ಪದ ಕೊಡಬಾರದು. ಕೊಟ್ಟರೆ ಮತ್ತೆ ಟ್ರಕ್-ಗಾಡೀ ಕಥೆ ಶುರುವಾಗುತ್ತೆ. ಗುರುತು ಬಂದರೆ ನಾನೇ ಹುಡುಕಬೇಕು. ಹುಡುಕಿ ಸಿಗದಿದ್ದರೆ ಮಾತ್ರ ಕೇಳಬಹುದು. ಇನ್ನು ಬರೀ ಪದಗಳಿಗೆ ಅಂತ ಭಾನುವಾರ ಇಟ್ಟುಕೊಂಡಿದ್ದೇವೆ. ಅವತ್ತು ನಕ್ಷತ್ರ ಇಲ್ಲ, ಇದನ್ನು ನೀವಾದರೆ ಹೇಗೆ ಹೇಳ್ತೀರಿ ಅಂತ ಕೇಳೋದು ಅಷ್ಟೇ. ಅವರು ದಾವಣಗೆರೆಗೆ ಬಂದ ಭಾನುವಾರವಾದರೆ ಬೆಣ್ಣೆದೋಸೆ ಮುಂದೆ ಇಟ್ಟುಕೊಂಡು ಕೇಳ್ತೀವಿ, ಆಗ ಕಲಿಯೋದು ಕಮ್ಮಿ.

ಇದರಲ್ಲಿ ಇನ್ನೊಂದು ಕೊರತೆಯೂ ಇದೆ, ಮುಚ್ಚಿಡಲ್ಲ. ಒಂದು ಹಂತದಲ್ಲಿ ನನ್ನ ಮೆಸೇಜಿಗೆ ಮೂರು ದಿನ ಒಂದೂ ನಕ್ಷತ್ರ ಬೀಳಲಿಲ್ಲ. ಖುಷಿಯಾಯಿತು. ಹಿಂದಕ್ಕೆ ಹೋಗಿ ಓದಿದೆ. ಮೂರು ದಿನವೂ ಗಾಡಿ ಬಂತು, ಚೀಲ ಎಣಿಸಿದೆ, ಊಟ ಮಾಡಿದೆ, ಅದೇ ಮಾತು. ಪದ ಯಾರೂ ಕೇಳಲ್ಲ ಅಂತ ಗೊತ್ತಿದ್ದರೆ ಗೊತ್ತಿರೋ ನೂರು ಪದದಲ್ಲೇ ಸುತ್ತಾಡ್ತೀವಿ. ಈಗ ಎರಡು ದಿನ ನಕ್ಷತ್ರ ಬೀಳದಿದ್ದರೆ ಮೂರನೇ ದಿನ ನನಗೆ ಗೊತ್ತಿಲ್ಲದ ವಿಷಯ ತೆಗೀತೀನಿ. ಮೊನ್ನೆ ನಮ್ಮ ಪಕ್ಕದ ಮನೆ ಗೋಡೆ ಜಗಳ ಬರೆದೆ. ಹನ್ನೊಂದು ನಕ್ಷತ್ರ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲೇ ಬರೆದುಬಿಡ್ತೀನಿ.

ನರ್ಸಿಂಗ್ ಓದುವ ಒಬ್ಬ ಹುಡುಗಿ ಜರ್ಮನ್ ಕಲಿಯುತ್ತಿದ್ದಾಳೆ. ಅಲ್ಲಿ ನಾಮಪದದ ಮುಂದೆ ಡೇರ್, ಡೀ, ಡಾಸ್ ಅಂತ ಬರುತ್ತಲ್ಲ ಅಣ್ಣಾ, ಅದು ಪದವಾ, ವ್ಯಾಕರಣವಾ ಅಂತ ಕೇಳಿದಳು. ನೋಡೋಕೆ ಬಿಡಿ ಪದ, ಆದರೆ ಅದು ನಮ್ಮ ಬಾಲದ ಕೆಲಸ ಮಾಡುತ್ತೆ ಅಮ್ಮಾ, ಅದಕ್ಕೂ ತಿದ್ದುಪಡಿ ಬೇಕು ಅಂತ ಹೆಸರು ಹಿಡಿದು ಹೇಳಿಬಿಡು ಅಂದೆ. ಜರ್ಮನ್‌ನಲ್ಲಿ ಹುಡುಗಿ ಅನ್ನೋ ಪದವೇ ನಪುಂಸಕ ಲಿಂಗವಂತೆ, ಡಾಸ್ ಮೇಡ್ಶೆನ್. ಅವಳೇ ಹೇಳಿ ನಗಿಸಿದಳು. ನಮ್ಮ ಬಸ್ಸೇ ವಾಸಿ.

ಇನ್ನೊಬ್ಬರು ಸ್ಪೆಲಿಂಗ್ ಬಗ್ಗೆ ಕೇಳಿದರು. ಸ್ಪೆಲಿಂಗ್ ತಪ್ಪಾದರೆ ನಕ್ಷತ್ರ ಹಾಕಿಸಿಕೊಳ್ತೀರಾ ಅಂತ. ಹಾಕಿಸಿಕೊಳ್ಳಲ್ಲ, ಫೋನಿನ ಕೀಬೋರ್ಡೇ ಅರ್ಧ ತಿದ್ದುತ್ತೆ. ಒಂದೇ ಒಂದು ಕಡೆ ಬಿಟ್ಟು. ಹಿಂದಿಯಲ್ಲಿ ಹ್ರಸ್ವ 'ಕಿ' ಅಂದರೆ ನಮ್ಮ 'ಎಂದು' ಇದ್ದ ಹಾಗೆ, ದೀರ್ಘ 'ಕೀ' ಅಂದರೆ ಷಷ್ಠಿಯ 'ಅ' ಇದ್ದ ಹಾಗೆ, 'ಟ್ರಕ್ ಕೀ ಚಾಬೀ' ಅಂದರೆ ಟ್ರಕ್ಕಿನ ಕೀಲಿ. ಕೀಬೋರ್ಡಿಗೆ ಎರಡೂ ಸರಿಯಾದ ಪದವೇ, ಅದು ಹಿಡಿಯಲ್ಲ. ನೋಡೋಕೆ ಸ್ಪೆಲಿಂಗ್ ತಪ್ಪು, ನಿಜಕ್ಕೂ ವ್ಯಾಕರಣದ ತಪ್ಪು. ಅದಕ್ಕೆ ಮಾತ್ರ ನಕ್ಷತ್ರ ಹಾಕಿ ಅಂತ ಹೇಳಿಟ್ಟಿದ್ದೇನೆ. ನಿನ್ನೆ ರಾತ್ರಿಯೂ ಒಂದು ಬಿತ್ತು.